‘ಲೈಫ್‌ಟೈಮ್’ ಅಂದರೆ ಯಾರ ಲೈಫು?

2025ರ ಫೆಬ್ರುವರಿಯಲ್ಲಿ ಒಂದು ಕಂಪನಿಯಿಂದ ನನಗೆ ಮೇಲ್ ಬಂತು. ಬಿ.ಕಾಂ. ಮುಗಿದು ತಿಂಗಳುಗಳೇ ಆಗಿದ್ದವು. ದಾವಣಗೆರೆಯಲ್ಲಿ ಕೂತು ಬೆಂಗಳೂರಿಗೆ ಎಷ್ಟು ಅರ್ಜಿ ಹಾಕಿದ್ದೆನೋ ಲೆಕ್ಕ ಇಟ್ಟಿರಲಿಲ್ಲ. ಅಕೌಂಟ್ಸ್ ವಿಭಾಗದ ಕೆಲಸ. ಸಂದರ್ಶನಕ್ಕೆ ಮೊದಲು ಎಕ್ಸೆಲ್ ಪರೀಕ್ಷೆ. ಅವರು ಒಂದು ಫೈಲ್ ಕಳಿಸುತ್ತಾರೆ, ಮನೆಯಲ್ಲೇ ಕೂತು ಎರಡು ಗಂಟೆಯೊಳಗೆ ಮುಗಿಸಿ ವಾಪಸ್ ಕಳಿಸಬೇಕು. ಎಕ್ಸೆಲ್ ನನಗೆ ಬರುತ್ತದೆ ಎಂಬ ಧೈರ್ಯವಿತ್ತು. ಸಂಬಳದ ಪಟ್ಟಿ, ಪಿವಟ್ ಟೇಬಲ್ ಎಲ್ಲ ಮಾಡಿ ಅಭ್ಯಾಸ ಮಾಡಿಕೊಂಡಿದ್ದೆ.

ಫೈಲ್ ತೆರೆದೆ. ಒಂದು ಹಾಳೆಯಲ್ಲಿ ನೌಕರರ ವಿವರ, ಇನ್ನೊಂದರಲ್ಲಿ ಆ ತಿಂಗಳ ಸಂಬಳದ ಲೆಕ್ಕ. ಎಲ್ಲ ಅಂಕಿಗಳೂ ಸರಿಯಾಗಿಯೇ ಕಾಣುತ್ತಿದ್ದವು. ಮೊದಲ ಪ್ರಶ್ನೆ, ನೌಕರರ ಹಾಳೆಗೆ ಹೊಸದಾಗಿ ಸೇರಿದ ಹತ್ತು ಜನರ ಹೆಸರು ಸೇರಿಸಿ ಎಂದು. ಮೊದಲ ಹೆಸರು ಟೈಪ್ ಮಾಡಿ ಸಂಬಳದ ಹಾಳೆಗೆ ಬಂದು ನೋಡುತ್ತೇನೆ, ಮೂಲ ವೇತನದ ಇಡೀ ಕಾಲಂ `#NAME?` ಆಗಿ ಕೂತಿದೆ. ಒಂದು ಸೆಲ್ ಕ್ಲಿಕ್ ಮಾಡಿದರೆ ಮೇಲೆ ಇಂಥ ಫಾರ್ಮುಲಾ:

```
=_xlfn.XLOOKUP(A2,Staff!A:A,Staff!C:C)
```

ಆ `_xlfn.` ಏನೆಂದು ಗೊತ್ತಾಗಲಿಲ್ಲ. ಫಾರ್ಮುಲಾ ಬೇಕೆಂದೇ ಹಾಳು ಮಾಡಿ ಕೊಟ್ಟಿದ್ದಾರೆ, ಇದೇ ಪರೀಕ್ಷೆ ಎಂದುಕೊಂಡೆ. ಆ ಅಕ್ಷರಗಳನ್ನು ಅಳಿಸಿದೆ, ಆಗಲಿಲ್ಲ. ಅಪ್‌ಡೇಟ್ ಆಗಿಲ್ಲವೇನೋ ಎಂದು `File > Account` ಒಳಗೆ ಹೋಗಿ `Update Now` ಒತ್ತಿದೆ. ಸ್ವಲ್ಪ ಹೊತ್ತು ಸುತ್ತಿ, ನಿಮ್ಮಲ್ಲಿ ಎಲ್ಲವೂ ಹೊಸದಾಗಿಯೇ ಇದೆ ಎಂಬ ಸಂದೇಶ ಬಂತು. ಎಲ್ಲ ಹೊಸದು, ಆದರೆ ಈ ಫಾರ್ಮುಲಾ ಮಾತ್ರ ಇಲ್ಲ! ಕೊನೆಗೆ ‘ಫೈಲ್‌ನಲ್ಲಿ ದೋಷವಿದೆ’ ಎಂದು ಬರೆದು ಕಳಿಸಿದೆ. ಅವರು ಮತ್ತೆ ಕರೆಯಲಿಲ್ಲ. ಫೈಲ್‌ನಲ್ಲಿ ದೋಷ ಇರಲೇ ಇಲ್ಲ ಅನ್ನುವುದು ಆಮೇಲೆ ತಿಳಿಯಿತು.

ನನ್ನ ಲ್ಯಾಪ್‌ಟಾಪ್ ಕೊಂಡಿದ್ದು 2021ರ ಜೂನ್‌ನಲ್ಲಿ, ಆನ್‌ಲೈನ್ ಕ್ಲಾಸಿನ ಕಾಲದಲ್ಲಿ. ಅದರ ಜೊತೆಗೇ ಆಫೀಸ್ ಹೋಮ್ ಅಂಡ್ ಸ್ಟೂಡೆಂಟ್ 2019 ಬಂದಿತ್ತು. ಅಂಗಡಿಯವರು ಅಪ್ಪನಿಗೆ ಹೇಳಿದ್ದು ನನಗೆ ಈಗಲೂ ನೆನಪಿದೆ: ‘ಸಾರ್, ಇದು ಲೈಫ್‌ಟೈಮ್. ವರ್ಷ ವರ್ಷ ದುಡ್ಡು ಕಟ್ಟೋದೇನಿಲ್ಲ.’ ಅವರು ಸುಳ್ಳು ಹೇಳಲಿಲ್ಲ. ಅಪ್ಪನಾಗಲಿ ನಾನಾಗಲಿ ಮುಂದಿನ ಪ್ರಶ್ನೆ ಕೇಳಲಿಲ್ಲ, ಅಷ್ಟೇ.

XLOOKUP ಅನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2019ರ ಆಗಸ್ಟ್‌ನಲ್ಲಿ. ಅದು ಚಂದಾ ಕಟ್ಟುವ ಮೈಕ್ರೋಸಾಫ್ಟ್ 365ರಲ್ಲಿ ಬಂತು, ಆಮೇಲೆ ಎಕ್ಸೆಲ್ 2021ರಲ್ಲಿ ಬಂತು. ಎಕ್ಸೆಲ್ 2019ಕ್ಕೆ ಎಂದೂ ಬರಲಿಲ್ಲ. `_xlfn.` ಎಂದರೆ ‘ಈ ಫೈಲ್‌ನಲ್ಲಿರುವ ಫಂಕ್ಷನ್ ನನಗೆ ಗೊತ್ತಿಲ್ಲ’ ಎಂದು ನಮ್ಮ ಎಕ್ಸೆಲ್ ಹೇಳುವ ರೀತಿ. ಅದು ಹಳೆಯ ಉತ್ತರವನ್ನು ಹಾಗೇ ತೋರಿಸುತ್ತಿರುತ್ತದೆ. ಮತ್ತೆ ಲೆಕ್ಕ ಹಾಕಬೇಕಾಗಿ ಬಂದ ಕ್ಷಣ ಕೈಚೆಲ್ಲುತ್ತದೆ. ನಾನು ಹೊಸ ಹೆಸರು ಸೇರಿಸಿದ್ದೇ ಆ ಕ್ಷಣ. ಹೀಗಾಗಿ ಬೇರೆಯವರ ಫೈಲ್ ತೆರೆದಾಗ ಅಂಕಿ ಸರಿ ಕಂಡಿತೆಂದು ನಂಬಬೇಡಿ, ಒಂದು ಫಾರ್ಮುಲಾ ಕ್ಲಿಕ್ ಮಾಡಿ ಈ ಅಕ್ಷರಗಳಿವೆಯೇ ನೋಡಿ.

ಹಾಗಾದರೆ ನಾಲ್ಕು ವರ್ಷ ತಪ್ಪದೆ ಬರುತ್ತಿದ್ದ ಆ ಅಪ್‌ಡೇಟ್‌ಗಳಲ್ಲಿ ಏನಿತ್ತು? ರಿಪೇರಿ ಇತ್ತು. ವೈರಸ್ ನುಗ್ಗಬಹುದಾದ ಕಿಂಡಿ ಮುಚ್ಚುವುದು, ತಾನಾಗೇ ಬಂದ್ ಆಗುವುದನ್ನು ಸರಿಪಡಿಸುವುದು, ಇಂಥವು. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸ್‌ನಲ್ಲಿ ನಾವು ಕೊಳ್ಳುವುದು ಒಂದು ವರ್ಷದ ಮಾದರಿಯನ್ನು. ಅದು ಹೇಗೆ ನಡೆಯುತ್ತದೆಂದು ಹೇಳಿ ಮಾರಿದರೋ ಹಾಗೆ ನಡೆಸಿಕೊಡುವುದು ಮಾರಿದವರ ಹೊಣೆ, ಅದಕ್ಕೆ ಮತ್ತೆ ದುಡ್ಡಿಲ್ಲ. ಮಿಕ್ಸಿ ವಾರಂಟಿಯಲ್ಲಿ ಮೋಟಾರ್ ಬದಲಿಸಿಕೊಡುತ್ತಾರೆ. ಹೊಸ ಮಾಡೆಲ್‌ನಲ್ಲಿ ಜ್ಯೂಸ್ ಜಾರ್ ಬಂದರೆ ಹಳೆಯ ಗಿರಾಕಿಗಳ ಮನೆಗೆಲ್ಲ ಕಳಿಸುವುದಿಲ್ಲವಲ್ಲ, ಹಾಗೆ. ಎರಡಕ್ಕೂ ‘ಅಪ್‌ಡೇಟ್’ ಎಂಬ ಒಂದೇ ಹೆಸರಿಟ್ಟು ಒಂದೇ ಬಟನ್ ಕೊಟ್ಟಿರುವುದರಿಂದ ನಮ್ಮಂಥವರಿಗೆ ಗೊಂದಲ.

ಮಿಕ್ಸಿಯ ಹೋಲಿಕೆ ಒಂದು ಕಡೆ ಮಾತ್ರ ಕುಂಟುತ್ತದೆ. ಜಾರ್ ಕಳಿಸಲು ಕಂಪನಿಗೆ ಖರ್ಚಿದೆ. ಸಾಫ್ಟ್‌ವೇರ್‌ನಲ್ಲಿ? ಮೈಕ್ರೋಸಾಫ್ಟ್ ಪ್ರಕಟಿಸುವ ಅಪ್‌ಡೇಟ್ ಪಟ್ಟಿ ತೆಗೆದು ನೋಡಿದಾಗ ನನಗೆ ಕಂಡಿದ್ದು, ಅಂಗಡಿಯಲ್ಲಿ ಮಾರುವ 2019ರ ಪ್ರತಿಗೂ 365ಕ್ಕೂ ಬಿಲ್ಡ್ ನಂಬರ್ ಒಂದೇ. ಅಂದರೆ ತಿಂಗಳು ತಿಂಗಳು ನನ್ನ ಡೇಟಾ ತಿಂದು ಇಳಿಯುತ್ತಿದ್ದುದು ಚಂದಾದಾರರಿಗೆ ಇಳಿಯುವ ಬಿಲ್ಡೇ. ಯಾವ ಬಾಗಿಲು ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂದು ನಿರ್ಧರಿಸುವುದು ಲೈಸೆನ್ಸ್. ಇದನ್ನು ಓದಿ ಸಿಟ್ಟು ಬಂತು. ಮನೆಯೊಳಗೇ ಇರುವ ಸಾಮಾನಿಗೆ ಬೀಗ ಯಾಕೆ?

ಈ ಸಿಟ್ಟಿನಲ್ಲಿದ್ದಾಗ ದೊಡ್ಡಪ್ಪನ ಮಗ ಊರಿಗೆ ಬಂದಿದ್ದ. ಅಣ್ಣ ಸಿ.ಎ. ಆರ್ಟಿಕಲ್‌ಶಿಪ್ ಮಾಡುತ್ತಿದ್ದಾನೆ. ಕಂಪನಿಗಳ ದುರಾಸೆ ಎಂದು ನಾನು ಬೈಯುವುದನ್ನು ಪೂರ್ತಿ ಕೇಳಿಸಿಕೊಂಡು, ‘ದುರಾಸೆ ಇರಬಹುದೋ ಮಾರಾಯ. ಆದ್ರೆ ನೀನು ಬಿ.ಕಾಂ. ಓದಿದೋನು, ಒಂದು ಸಲ ಲೆಡ್ಜರ್ ಕಡೆಯಿಂದ ನೋಡು’ ಅಂದ. ಆಮೇಲೆ ಐಪಾಡ್ ಟಚ್‌ನ ಕಥೆ ಹೇಳಿದ. ಅಪ್‌ಗ್ರೇಡ್ ಯಾಕೆ ಕೆಲವರಿಗೆ ಬಿಟ್ಟಿ, ಕೆಲವರಿಗೆ ದುಡ್ಡು ಎಂಬುದಕ್ಕೆ ನಾನು ಕೇಳಿದ ಅತ್ಯಂತ ವಿಚಿತ್ರ ಉತ್ತರ ಅದು.

2007ರಲ್ಲಿ ಆ್ಯಪಲ್ ಐಫೋನ್ ತಂದಿತು, ಅದೇ ವರ್ಷ ಐಪಾಡ್ ಟಚ್ ಕೂಡ ತಂದಿತು. ಟಚ್ ಎಂದರೆ ಹೆಚ್ಚುಕಡಿಮೆ ಕರೆ ಮಾಡಲಾಗದ ಐಫೋನ್. ಒಳಗಿನ ಸಾಫ್ಟ್‌ವೇರ್ ಒಂದೇ ಜಾತಿಯದು. 2008ರ ಜನವರಿಯಲ್ಲಿ ಟಚ್‌ಗೆ ಮೇಲ್, ಮ್ಯಾಪ್ಸ್ ಸೇರಿ ಐದು ಆ್ಯಪ್‌ಗಳನ್ನು ಕೊಟ್ಟಾಗ ಮೊದಲೇ ಕೊಂಡಿದ್ದವರು ಸುಮಾರು 20 ಡಾಲರ್ ಕೊಡಬೇಕಾಯಿತು. ಅದೇ ಜುಲೈಯಲ್ಲಿ ಎರಡನೇ ಆವೃತ್ತಿಯ ಸಾಫ್ಟ್‌ವೇರ್ ಬಂತು: ಐಫೋನ್ ಇದ್ದವರಿಗೆ ಉಚಿತ, ಟಚ್ ಇದ್ದವರಿಗೆ 9.95 ಡಾಲರ್. 2009ರಲ್ಲಿ ಮೂರನೇ ಆವೃತ್ತಿಗೂ ಹಾಗೇ. ಒಂದೇ ಕಂಪನಿ, ಒಂದೇ ದಿನ, ಒಂದೇ ಸಾಫ್ಟ್‌ವೇರ್.

ಕಾರಣ ಇದ್ದುದು ಅಮೆರಿಕದ ಆಗಿನ ಲೆಕ್ಕಪತ್ರ ನಿಯಮದಲ್ಲಿ. ‘ಮುಂದೆ ಬರುವ ಹೊಸ ಸೌಲಭ್ಯಗಳನ್ನು ಬಿಟ್ಟಿ ಕೊಡುತ್ತೇನೆ’ ಎಂದು ನೀವು ಮಾತು ಕೊಟ್ಟು ವಸ್ತು ಮಾರಿದರೆ, ಮಾರಿದ್ದು ಇನ್ನೂ ಮುಗಿದಿಲ್ಲ ಎಂದರ್ಥ. ಕೊಡಬೇಕಾದ್ದು ಬಾಕಿ ಇದೆ. ಆ ಬಾಕಿಗೆ ಬೇರೆಯಾಗಿ ಬೆಲೆ ಕಟ್ಟಲು ಆಗದಿದ್ದರೆ, ಕೈಗೆ ಬಂದ ದುಡ್ಡನ್ನು ಅಂದೇ ಆದಾಯ ಎಂದು ಬರೆಯುವಂತಿಲ್ಲ. ಅಣ್ಣ ಹಾಳೆ ತೆಗೆದುಕೊಂಡು ಲೆಕ್ಕ ಸುಲಭವಾಗಲಿ ಎಂದು 24,000 ರೂಪಾಯಿ ಬೆಲೆಯ ಒಂದು ಫೋನ್ ಬರೆದ. ದುಡ್ಡು ಬಂದ ದಿನ ನಗದು ಖಾತೆಗೆ 24,000 ಡೆಬಿಟ್, ಆದರೆ ಎದುರಿಗೆ ಮಾರಾಟ ಅಲ್ಲ, ‘ಮುಂಗಡವಾಗಿ ಬಂದ ಆದಾಯ’ ಎಂಬ ಹೊಣೆಗಾರಿಕೆ. ಅಲ್ಲಿಂದ ತಿಂಗಳಿಗೆ 1,000ದಂತೆ 24 ತಿಂಗಳು ಆದಾಯಕ್ಕೆ ವರ್ಗ. ಐಫೋನ್‌ಗೆ ಆ್ಯಪಲ್ ಮಾಡುತ್ತಿದ್ದುದು ಇದನ್ನೇ, 24 ತಿಂಗಳಿಗೆ ಹಂಚಿ ಬರೆಯುತ್ತಿತ್ತು. ಹಾಗಾಗಿ ಆ ಎರಡು ವರ್ಷ ಏನು ಹೊಸದು ಕೊಟ್ಟರೂ ತೊಂದರೆಯಿಲ್ಲ, ಅದರ ಬಾಬ್ತು ಆದಾಯ ಅಲ್ಲಿ ಕಾದು ಕೂತಿದೆ.

ಐಪಾಡ್ ಟಚ್‌ಗೆ ಹೀಗೆ ಮಾಡಿರಲಿಲ್ಲ. ಮಾರಿದ ದಿನವೇ ಪೂರ್ತಿ ಆದಾಯ ಬರೆದು ಲೆಕ್ಕ ಮುಗಿಸಿದ್ದರು. ಈಗ ದೊಡ್ಡದೊಂದು ಹೊಸ ಸೌಲಭ್ಯವನ್ನು ಬಿಟ್ಟಿ ಕೊಟ್ಟರೆ, ‘ಹಾಗಾದರೆ ಅಂದು ಮಾರಾಟ ಮುಗಿದಿರಲಿಲ್ಲವಲ್ಲ, ಯಾಕೆ ಪೂರ್ತಿ ಬರೆದಿರಿ’ ಎಂದು ಲೆಕ್ಕಪರಿಶೋಧಕರು ಕೇಳುತ್ತಾರೆ. ಅದಕ್ಕೇ ಅದನ್ನು ಹೊಸ ಸರಕು ಎಂದು ಕರೆದು ಹೊಸ ಬೆಲೆ ಕಟ್ಟಿದರು. ಸಣ್ಣಪುಟ್ಟ ರಿಪೇರಿಗೆ ಈ ತಕರಾರಿಲ್ಲ, ಅದು ವಾರಂಟಿ ಖರ್ಚಿನ ಹಾಗೆ.

ನಿಯಮ 2009ರ ಕೊನೆಗೆ ಬದಲಾಯಿತು. ಮುಂದಿನ ಅಪ್‌ಡೇಟ್‌ಗಳ ಬಾಬ್ತು ಅಂದಾಜು ಬೆಲೆ ಕಟ್ಟಿ ಸಣ್ಣ ಪಾಲನ್ನು ಮಾತ್ರ ಬದಿಗಿಟ್ಟು, ಉಳಿದದ್ದನ್ನು ಮಾರಿದಾಗಲೇ ಆದಾಯವಾಗಿ ಬರೆಯಬಹುದು ಎಂದಾಯಿತು. 2010ರ ಜೂನ್‌ನಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಟಚ್ ಇದ್ದವರಿಗೂ ಅದು ಉಚಿತವಾಯಿತು. ಟಚ್ ಕೊಂಡವರು ಮೊದಲಿಗಿಂತ ಒಳ್ಳೆಯ ಗಿರಾಕಿಗಳೇನೂ ಆಗಿರಲಿಲ್ಲ, ಲೆಡ್ಜರ್‌ನಲ್ಲಿ ಬರೆಯುವ ರೀತಿ ಬದಲಾಗಿತ್ತು.

ಮೂರು ವರ್ಷ ಕ್ಲಾಸಿನಲ್ಲಿ ಮುಂಗಡ ಆದಾಯದ ಜರ್ನಲ್ ಎಂಟ್ರಿ ಬರೆದಿದ್ದೇನೆ, ಅದು ನನ್ನ ಎಕ್ಸೆಲ್‌ನೊಳಗೆ ಕೂತಿದೆ ಎಂದು ಯಾವತ್ತೂ ಹೊಳೆದಿರಲಿಲ್ಲ! ನನ್ನ ಆಫೀಸ್ 2019ಕ್ಕೆ ಇದೇ ನಿಯಮ ಕಾರಣ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಸೀದಾ ವ್ಯಾಪಾರದ ಮಾತಿದೆ. ಒಂದೇ ಸಲ ದುಡ್ಡು ಪಡೆದ ಕಂಪನಿಗೆ ಮುಂದಿನ ದುಡ್ಡು ಬರುವುದು ಮುಂದಿನ ಪೆಟ್ಟಿಗೆ ಮಾರಿದಾಗ. ಹೊಸ ಸೌಲಭ್ಯಗಳನ್ನೆಲ್ಲ ಹಳೆಯ ಪೆಟ್ಟಿಗೆಗೆ ತುಂಬಿದರೆ 2021, 2024 ಎಂಬ ಹೊಸ ಪೆಟ್ಟಿಗೆಯನ್ನು ಯಾರು ಕೊಳ್ಳುತ್ತಾರೆ? ಹಳೆಯ ಪ್ರತಿ ಇದ್ದವರಿಗೆ ಕಡಿಮೆ ದರದ ಅಪ್‌ಗ್ರೇಡ್ ಎಂಬುದೂ ಆಫೀಸ್ 2010ರಿಂದ ನಿಂತುಹೋಗಿದೆ. 2019 ಇದ್ದರೂ 2024ಕ್ಕೆ ಪೂರ್ತಿ ಬೆಲೆ. ಚಂದಾದಾರರ ವಿಷಯ ಹಾಗಲ್ಲ. ಅವರ ವರ್ಷದ ದುಡ್ಡು ಐಫೋನ್‌ನ ಆ ಬಾಕಿಯಂತೆ ತಿಂಗಳು ತಿಂಗಳು ಆದಾಯವಾಗುತ್ತಿರುತ್ತದೆ. ಸೌಲಭ್ಯವನ್ನು ಮುಂದಿನ ಪೆಟ್ಟಿಗೆಗೆಂದು ಕೂಡಿಡುವ ಅಗತ್ಯವಿಲ್ಲ, ತಯಾರಾದ ದಿನವೇ ಕಳಿಸಿದರೆ ಮುಂದಿನ ವರ್ಷ ಮತ್ತೆ ಕಟ್ಟಲು ಅವರಿಗೊಂದು ಕಾರಣ ಸಿಗುತ್ತದೆ.

ವಿಂಡೋಸ್ ಬಿಟ್ಟಿಯಾಗಿ ಬಂದಿತಲ್ಲ ಎಂದು ನೀವು ಕೇಳಬಹುದು. ಹೌದು, 2015ರ ಜುಲೈ 29ರಿಂದ ಒಂದು ವರ್ಷ ವಿಂಡೋಸ್ 7 ಮತ್ತು 8.1 ಇದ್ದವರಿಗೆ 10 ಉಚಿತವಾಗಿತ್ತು, 10 ಇದ್ದವರಿಗೆ 11 ಕೂಡ ಉಚಿತ. ಅಲ್ಲಿ ಲೈಸೆನ್ಸ್ ದುಡ್ಡನ್ನು ಲ್ಯಾಪ್‌ಟಾಪ್ ತಯಾರಿಸಿದವರು ಮೊದಲೇ ಕಟ್ಟಿರುತ್ತಾರೆ, ನಮ್ಮ ಬಿಲ್ಲಿನಲ್ಲಿ ಅದು ಸೇರಿರುತ್ತದೆ. ಎಲ್ಲರೂ ಒಂದೇ ಆವೃತ್ತಿಗೆ ಬಂದರೆ ನಾಲ್ಕು ಹಳೆಯ ಆವೃತ್ತಿಗಳಿಗೆ ಬೇರೆ ಬೇರೆ ರಿಪೇರಿ ಮಾಡುವ ಖರ್ಚೂ ಉಳಿಯುತ್ತದೆ. ಆದರೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ನನ್ನ ಗೆಳೆಯನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅವಿಲ್ಲ. ಅಪ್‌ಗ್ರೇಡ್ ಬಿಟ್ಟಿ, ಅದನ್ನು ಹಾಕಿಕೊಳ್ಳುವ ಮಷಿನ್‌ಗೆ ದುಡ್ಡು.

ಇಷ್ಟೆಲ್ಲ ತಿಳಿದ ಮೇಲೆ ಚಂದಾನೇ ಒಳ್ಳೆಯದು ಅನ್ನಿಸಿತು, ಒಂದು ವಾರದ ಮಟ್ಟಿಗೆ. ಆಮೇಲೆ ಅದರ ಇನ್ನೊಂದು ಮುಖ ನೋಡಿದೆ. ಮೈಕ್ರೋಸಾಫ್ಟ್ 365ರ ಚಂದಾ ನಿಲ್ಲಿಸಿದರೆ ಕೆಲವು ದಿನ ಎಚ್ಚರಿಕೆ ಬರುತ್ತದೆ. ಆಮೇಲೆ ನಮ್ಮ ಫೈಲ್ ತೆರೆದು ನೋಡಬಹುದು, ಪ್ರಿಂಟ್ ತೆಗೆಯಬಹುದು, ತಿದ್ದಲು ಆಗುವುದಿಲ್ಲ. ಐದು ವರ್ಷ ಕಟ್ಟಿದವರಿಗೂ ಹೀಗೇ, ಐದು ತಿಂಗಳು ಕಟ್ಟಿದವರಿಗೂ ಹೀಗೇ. ಬಾಡಿಗೆ ಮನೆಯ ಹಾಗೆ, ಎಷ್ಟು ವರ್ಷ ಇದ್ದರೂ ಒಂದು ಇಟ್ಟಿಗೆಯೂ ನಮ್ಮದಾಗುವುದಿಲ್ಲ.

ಎರಡರ ನಡುವೆ ಒಂದು ದಾರಿಯಿದೆ. ಪ್ರೋಗ್ರಾಮಿಂಗ್ ಸಲಕರಣೆ ಮಾಡುವ ಜೆಟ್‌ಬ್ರೇನ್ಸ್ 2015ರಲ್ಲಿ ಚಂದಾ ಪದ್ಧತಿಗೆ ಹೋಗುತ್ತೇವೆ ಎಂದಾಗ ಬಳಕೆದಾರರು ದೊಡ್ಡ ಗಲಾಟೆ ಮಾಡಿದರು. ಕಂಪನಿ ಒಂದು ಷರತ್ತು ಸೇರಿಸಿತು. ಬಿಡದೆ 12 ತಿಂಗಳು ಕಟ್ಟಿದರೆ, ನಿಲ್ಲಿಸಿದ ಮೇಲೂ ಒಂದು ಆವೃತ್ತಿ ಶಾಶ್ವತವಾಗಿ ನಿಮ್ಮದು. ಯಾವ ಆವೃತ್ತಿ ಎನ್ನುವಲ್ಲಿ ಬಹಳ ಜನ ಎಡವುತ್ತಾರೆ. ಆ 12 ತಿಂಗಳು ಶುರುವಾದ ದಿನ ಚಾಲ್ತಿಯಲ್ಲಿದ್ದದ್ದು ಮತ್ತು ಅದರ ರಿಪೇರಿಗಳು. ಮುಗಿದ ದಿನ ಇರುವುದಲ್ಲ. ಎಂ.ಸಿ.ಎ. ಮುಗಿಸಿ ಸ್ವಂತವಾಗಿ ಪ್ರಾಜೆಕ್ಟ್ ಮಾಡುವವರೊಬ್ಬರು 2024ರ ಜುಲೈಯಲ್ಲಿ ಪೈಚಾರ್ಮ್‌ಗೆ ಕಟ್ಟಲು ಶುರು ಮಾಡಿದರು ಎನ್ನೋಣ. ಆಗ ಇದ್ದದ್ದು 2024.1. ಆಗಸ್ಟ್‌ನಲ್ಲಿ 2024.2 ಬಂತು, ಆಮೇಲೆ 2024.3, 2025.1 ಬಂದವು, ಎಲ್ಲವನ್ನೂ ಬಳಸಿದರು. ವರ್ಷ ತುಂಬಿದ ಮೇಲೆ ನಿಲ್ಲಿಸಿದರೆ ಕೈಯಲ್ಲಿ ಉಳಿಯುವುದು 2024.1. ಹಿಂದಕ್ಕೆ ಹೋಗಿ ಅದನ್ನು ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಮಧ್ಯೆ ತಿಂಗಳು ತಪ್ಪಿಸಿದರೆ ಎಣಿಕೆ ಹೊಸದಾಗಿ ಶುರು. ಹಾಗಿದ್ದರೂ ನನ್ನ ಕಣ್ಣಿಗೆ ಇದು ಹೆಚ್ಚು ನ್ಯಾಯವಾಗಿ ಕಾಣುತ್ತದೆ: ಒಂದು ವರ್ಷ ಹಳೆಯದಾದರೂ ಕಟ್ಟಿದ ದುಡ್ಡಿಗೆ ಏನೋ ಒಂದು ಉಳಿಯುತ್ತದೆ.

ಈಗ ಅಂಗಡಿಯವರ ‘ಲೈಫ್‌ಟೈಮ್’ ಮಾತಿಗೆ ಬರುತ್ತೇನೆ. ಒಂದೇ ಸಲ ಕೊಂಡ ಪ್ರತಿಗೆ ಅವಧಿ ಇಲ್ಲ ನಿಜ, ಆದರೆ ರಿಪೇರಿಗೆ ಅವಧಿ ಇದೆ. ಆಫೀಸ್ 2019ರ ರಿಪೇರಿ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನನ್ನ ಎಕ್ಸೆಲ್ ಅದರ ಮಾರನೇ ದಿನವೂ ತೆರೆಯಿತು, ಇಂದಿಗೂ ತೆರೆಯುತ್ತದೆ, ಹೊಸದಾಗಿ ಕಂಡುಬರುವ ಕಿಂಡಿಗಳನ್ನು ಮಾತ್ರ ಯಾರೂ ಮುಚ್ಚುವುದಿಲ್ಲ. ಗಡಿಯಾರ ಓಡಲು ಶುರುವಾಗುವುದು ನಾವು ಕೊಂಡ ದಿನದಿಂದಲ್ಲ, ಆ ಆವೃತ್ತಿ ಬಿಡುಗಡೆಯಾದ ದಿನದಿಂದ. 2019ರ ಪ್ರತಿಯನ್ನು 2021ರಲ್ಲಿ ಕೊಂಡ ನಮಗೆ ಸಿಕ್ಕಿದ್ದು ನಾಲ್ಕು ವರ್ಷ ನಾಲ್ಕು ತಿಂಗಳು. ಆಫೀಸ್ 2024 ಬಂದಿದ್ದು 2024ರ ಅಕ್ಟೋಬರ್‌ನಲ್ಲಿ, ಅದರ ರಿಪೇರಿ 2029ರ ಅಕ್ಟೋಬರ್ 9ರವರೆಗೆ. ಈ ಪೆಟ್ಟಿಗೆ 9,000 ರೂಪಾಯಿ ಎಂದುಕೊಳ್ಳಿ (ಬೆಲೆ ಲೆಕ್ಕಕ್ಕಾಗಿ ನಾನು ಇಟ್ಟದ್ದು). ಬಿಡುಗಡೆಯಾದ ತಿಂಗಳಲ್ಲೇ ಕೊಂಡವರಿಗೆ ವರ್ಷಕ್ಕೆ 1,800 ಬಿತ್ತು. 2027ರ ಅಕ್ಟೋಬರ್‌ನಲ್ಲಿ ಅದನ್ನೇ ಅದೇ ಬೆಲೆಗೆ ಕೊಂಡರೆ ಎರಡೇ ವರ್ಷ, ವರ್ಷಕ್ಕೆ 4,500. ಆ ಹೊತ್ತಿಗೆ ಚಂದಾ ಅಷ್ಟೇನೂ ದುಬಾರಿ ಅನ್ನಿಸದಿರಬಹುದು.

ನಾನು ಎರಡನ್ನೂ ಕೊಂಡಿಲ್ಲ, ಕೆಲಸ ಹುಡುಕುವವನ ಜೇಬು ಗೊತ್ತಲ್ಲ. ಮೈಕ್ರೋಸಾಫ್ಟ್ ಖಾತೆ ಇದ್ದರೆ ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್ ಉಚಿತ, ಅದರಲ್ಲಿ XLOOKUP ಇದೆ. ಲಿಬ್ರೆಆಫೀಸ್ ಕೂಡ ಉಚಿತ, 2024ರ ಆಗಸ್ಟ್‌ನಲ್ಲಿ ಬಂದ 24.8ರಿಂದ ಅದರಲ್ಲೂ ಇದೆ. ಯಾವುದೂ ಇಲ್ಲದಿದ್ದರೆ ಹಳೆಯ ಜೋಡಿಯಿಂದ ಅದೇ ಉತ್ತರ ತೆಗೆಯಬಹುದು, ಇದು ಎಲ್ಲ ಎಕ್ಸೆಲ್‌ಗಳಿಗೂ ಅರ್ಥವಾಗುತ್ತದೆ:

```
=INDEX(Staff!C:C,MATCH(A2,Staff!A:A,0))
```

ಆ ಫೆಬ್ರುವರಿಯ ದಿನ ಈ ಒಂದು ಸಾಲು ಗೊತ್ತಿದ್ದರೆ ಸಾಕಿತ್ತು. ಆಮೇಲೆ ಬಂದ ಇನ್ನೊಂದು ಪರೀಕ್ಷೆಗೆ ಮೊದಲೇ ಮೇಲ್ ಮಾಡಿ, ನಿಮ್ಮ ಫೈಲ್ ಯಾವ ಎಕ್ಸೆಲ್‌ನಲ್ಲಿ ಮಾಡಿದ್ದು ಎಂದು ಕೇಳಿದೆ. ‘365’ ಎಂದು ಒಂದೇ ಪದದ ಉತ್ತರ ಬಂತು. ಬ್ರೌಸರ್‌ನಲ್ಲಿ ಮಾಡಿ ಮುಗಿಸಿದೆ. ಈಗ ಅಲ್ಲೇ ಟ್ರೈನಿಯಾಗಿದ್ದೇನೆ.

ಕಳೆದ ನವೆಂಬರ್‌ನಲ್ಲಿ ತಂಗಿಗೆ ಲ್ಯಾಪ್‌ಟಾಪ್ ಕೊಡಿಸಲು ಅಪ್ಪ ಅದೇ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವರು ಈ ಸಲವೂ ‘ಆಫೀಸ್ ಲೈಫ್‌ಟೈಮ್ ಸಾರ್’ ಎಂದರು. ‘ಯಾವ ವರ್ಷದ್ದು ಅಣ್ಣಾ?’ ಎಂದು ಕೇಳಿದೆ. ಅವರು ಪೆಟ್ಟಿಗೆ ತಿರುಗಿಸಿ ಚೀಟಿ ಓದಿದರು: ಆಫೀಸ್ ಹೋಮ್ 2024. ಬೆರಳೆಣಿಸಿದೆ, 2029ರ ಅಕ್ಟೋಬರ್‌ಗೆ ಇನ್ನೊಂದು ತಿಂಗಳು ಕಡಿಮೆ ನಾಲ್ಕು ವರ್ಷ. ತಂಗಿ ಈಗ ಮೊದಲ ವರ್ಷದ ಡಿಗ್ರಿ. ‘ಅವಳ ಓದು ಮುಗಿಯೋವರೆಗೆ ಸಾಕು’ ಎಂದು ಅಪ್ಪನಿಗೆ ಹೇಳಿದೆ. ‘ಲೈಫ್‌ಟೈಮ್ ಅಂದ್ರಲ್ಲೋ ಅವರು?’ ಎಂದು ಅಪ್ಪ ಅಂಗಡಿಯವರ ಮುಖ ನೋಡಿದರು. ಅವರು ಬಿಲ್ ಬರೆಯುವುದರಲ್ಲಿ ಮಗ್ನರಾಗಿದ್ದರು.